ಮೆಷಿನ್ ಮಾರಿ ಅದನ್ನೇ ಲೀಸ್‌ಗೆ ಪಡೆದೆವು: ಆ ಹತ್ತು ಲಕ್ಷದ ಲಾಭವನ್ನು ಪುಸ್ತಕದಲ್ಲಿ ಬರೆದ ಬಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ನಾನು ಲೆಕ್ಕ ನೋಡಿಕೊಳ್ಳುತ್ತೇನೆ. 2023ರ ಏಪ್ರಿಲ್‌ನಲ್ಲಿ ಅವರ ದೊಡ್ಡ ವಿಎಂಸಿ ಮೆಷಿನ್ ಅನ್ನು ಒಂದು ಫೈನಾನ್ಸ್ ಕಂಪನಿಗೆ ಮಾರಿ, ಅದೇ ದಿನ ಅದನ್ನೇ ಐದು ವರ್ಷದ ಲೀಸ್‌ಗೆ ವಾಪಸ್ ಪಡೆದೆವು. ಮೆಷಿನ್ ನಿಂತ ಜಾಗದಿಂದ ಅಲ್ಲಾಡಲಿಲ್ಲ, ಆಪರೇಟರ್‌ಗೆ ವಿಷಯವೇ ಗೊತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ದೊಡ್ಡ ರಾಮಾಯಣ ಆಯಿತು. ಮಾಲೀಕರು ಒಪ್ಪಲಿಲ್ಲ, ಆಡಿಟರು ಮೊದಲಿಗೆ ಅನುಮಾನಪಟ್ಟರು, ಬ್ಯಾಂಕಿನವರು ಬೇರೆಯೇ ಪ್ರಶ್ನೆ ಕೇಳಿದರು. ಈಗ ಎರಡು ವರ್ಷದ ಬ್ಯಾಲೆನ್ಸ್ ಶೀಟಿಗೆ ಸಹಿ ಬಿದ್ದಿದೆ, ಒಂದು ಎಂಟ್ರಿಯೂ ಬದಲಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಂಕಿಗಳು ನೆನಪಿನಿಂದ ಬಂದವು, ದುಂಡು ಮಾಡಿದ್ದೇನೆ. ನಿಜವಾಗಿ ಬಾಡಿಗೆ ಮೂರು ತಿಂಗಳಿಗೊಮ್ಮೆ ಕಟ್ಟುತ್ತೇವೆ. ಇಲ್ಲಿ ಓದಲು ಸುಲಭವಾಗಲಿ ಎಂದು ವರ್ಷದ ಕೊನೆಗೆ ಒಂದು ಕಂತು ಅಂತ ಹಿಡಿದಿದ್ದೇನೆ.

ಮೆಷಿನ್ 2017ರ ಕೊನೆಯಲ್ಲಿ ಬಂದದ್ದು. ಜಿಎಸ್‌ಟಿ ಬಿಟ್ಟು 60 ಲಕ್ಷ. ಎರಡು ಶಿಫ್ಟ್ ಓಡಿದ್ದರಿಂದ ಸವಕಳಿ ಜಾಸ್ತಿ ಬಿದ್ದು, ಮಾರುವ ಹೊತ್ತಿಗೆ ಪುಸ್ತಕದ ಬೆಲೆ 30 ಲಕ್ಷಕ್ಕೆ ಇಳಿದಿತ್ತು. ಇಂಪೋರ್ಟೆಡ್ ಮಾಲು, ಸ್ಪಿಂಡಲ್ ಚೆನ್ನಾಗಿತ್ತು. ವ್ಯಾಲ್ಯುಯರ್ ಬಂದು ನೋಡಿ ಮಾರುಕಟ್ಟೆ ಬೆಲೆ 40 ಲಕ್ಷ ಎಂದು ಬರೆದುಕೊಟ್ಟರು. ಆ ಬೆಲೆಗೇ ಮಾರಿದೆವು. ಅಲ್ಲಿಗೆ ಹತ್ತು ಲಕ್ಷ ಲಾಭ.

ಮಾಲೀಕರ ಮೊದಲ ಮಾತೇ ಇದು: "ಹತ್ತು ಲಕ್ಷ ಲಾಭ ಬಂತಲ್ಲ, ಈ ವರ್ಷವೇ ತೋರಿಸಿಬಿಡಿ. ಸಿಸಿ ಲಿಮಿಟ್ ಜಾಸ್ತಿ ಮಾಡಿಸಿಕೊಳ್ಳಬಹುದು."

"ಸರ್, ಮೆಷಿನ್ ನಮ್ಮ ಹತ್ತಿರವೇ ಇದೆ. ಕೊಟ್ಟಿದ್ದು ಯಾರಿಗೆ? ಇದು ಸಾಲ. ಸಾಲ ತಗೊಂಡರೆ ಲಾಭ ಬರುತ್ತಾ?" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ.

ಇಡೀ ಲೆಕ್ಕ ನಿಂತಿರುವುದು ಆ ಮಾತಿನ ಮೇಲೇ. ಲೀಸ್ ಐದು ವರ್ಷ. ಮೆಷಿನ್‌ಗೆ ಉಳಿದ ಆಯುಸ್ಸೂ ಹೆಚ್ಚುಕಡಿಮೆ ಅಷ್ಟೇ. ಬಾಡಿಗೆಯನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿದರೆ ಪೂರ್ತಿ 40 ಲಕ್ಷ ಬರುತ್ತದೆ. ಹಾಗಾಗಿ ಇದು ಫೈನಾನ್ಸ್ ಲೀಸ್, ಅದರಲ್ಲಿ ಎರಡನೇ ಮಾತಿಲ್ಲ. ನಮ್ಮದು ಇಂಡ್ ಎಎಸ್ ಹಚ್ಚುವ ಕಂಪನಿ ಅಲ್ಲ, ಲೀಸಿನ ಹಳೆಯ ಲೆಕ್ಕದ ಮಾನದಂಡ ಎಎಸ್ 19 ಹಚ್ಚುವಂಥದ್ದು. ಮಾರಾಟದ ಲೀಸ್‌ಬ್ಯಾಕ್ ಫೈನಾನ್ಸ್ ಲೀಸ್ ಆದರೆ ಲಾಭವನ್ನು ಆ ದಿನವೇ ಆದಾಯ ಅಂತ ತೆಗೆದುಕೊಳ್ಳುವ ಹಾಗಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮುಂದೂಡಬೇಕು, ಲೀಸ್ ಅವಧಿಯಲ್ಲಿ ಸವಕಳಿಯ ಪ್ರಮಾಣಕ್ಕೆ ತಕ್ಕಂತೆ ಬಿಡಿಸಿಕೊಳ್ಳಬೇಕು. 'ಸವಕಳಿಯ ಪ್ರಮಾಣಕ್ಕೆ' ಅನ್ನುವಲ್ಲೇ ಎಲ್ಲರೂ ಜಾರುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ದುಡ್ಡಿನ ಮಾತು.

ನಾವು ಮೊದಲು ಹೋದ ಫೈನಾನ್ಸ್ ಕಂಪನಿ ಬೇರೆ. ವರ್ಷಕ್ಕೆ 11.10 ಲಕ್ಷ ಬಾಡಿಗೆ ಎಂದು ಕೋಟ್ ಕೊಟ್ಟರು. ಲೆಕ್ಕ ಹಾಕಿದರೆ ಶೇ. 12. ಸರಿ ಅಂತ ಕಾಗದ ಪತ್ರ ಎಲ್ಲ ಕೊಟ್ಟೆವು. ಹದಿನೈದು ಇಪ್ಪತ್ತು ದಿನ ಬಿಟ್ಟು ಅವರ ಟ್ಯಾಕ್ಸ್ ವಿಭಾಗದಿಂದ ಫೋನು. ಬಾಡಿಗೆ 11.75 ಲಕ್ಷ ಆಗುತ್ತದೆ ಅಂದರು. ಕೇಳುವುದಕ್ಕೆ ಅರವತ್ತೈದು ಸಾವಿರ ಅಷ್ಟೇ, ಆದರೆ ದರ ಶೇ. 14.4ರ ಹತ್ತಿರ ಹೋಗುತ್ತದೆ. ಐದು ವರ್ಷಕ್ಕೆ ಮೂರೂಕಾಲು ಲಕ್ಷ.

ಕಾರಣ ಏನು? ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 43(1)ನೇ ಕಲಮಿನ ವಿವರಣೆ 4ಎ. ನಾವು ಸವಕಳಿ ತೆಗೆದುಕೊಂಡಿದ್ದ ಮೆಷಿನ್ ಅನ್ನೇ ಮಾರಿ ಮತ್ತೆ ಲೀಸ್‌ಗೆ ಪಡೆದರೆ, ಕೊಂಡವರಿಗೆ ಅದರ ಬೆಲೆ ಅವರು ಕೊಟ್ಟ 40 ಲಕ್ಷ ಅಲ್ಲ. ನಮ್ಮ ತೆರಿಗೆ ಲೆಕ್ಕದಲ್ಲಿ ಸವಕಳಿ ಕಳೆದು ಉಳಿದಿದ್ದ ಬೆಲೆ, ಅಂದರೆ ಡಬ್ಲ್ಯುಡಿವಿ. ಅದು ಸುಮಾರು 19 ಲಕ್ಷ ಇತ್ತು, ಯಾಕೆಂದರೆ ಹೊಸದರಲ್ಲಿ ಹೆಚ್ಚುವರಿ ಸವಕಳಿಯನ್ನೂ ತೆಗೆದುಕೊಂಡಿದ್ದೆವು. ಅಂದರೆ 40 ಕೊಟ್ಟವರು 19ರ ಮೇಲೆ ಮಾತ್ರ ಸವಕಳಿ ಹಚ್ಚಬಹುದು. ಆ ನಷ್ಟವನ್ನು ಬಾಡಿಗೆಯಲ್ಲಿ ನಮ್ಮ ತಲೆಗೆ ಕಟ್ಟಿದರು. 1996ರಿಂದ ಇದ್ದ ನಿಯಮ ಇದು, ಅವರಿಗೆ ಮೊದಲೇ ಗೊತ್ತಿರಬೇಕಿತ್ತು ಅಲ್ವಾ? ಬಿಟ್ಟು ಬೇರೆಯವರ ಹತ್ತಿರ ಹೋದೆವು. ಎರಡನೆಯವರಿಗೆ ಮೊದಲ ಮೀಟಿಂಗ್‌ನಲ್ಲೇ ಆ 19 ಲಕ್ಷದ ಚೀಟಿ ಕೈಗಿಟ್ಟೆ. ಕೊನೆಗೆ 11.10ಕ್ಕೇ ಕುದುರಿತು. ಹೇಗೆ ಕುದುರಿತು ಅನ್ನುವುದು ಡೆಪಾಸಿಟ್‌ಗೆ ಸಂಬಂಧಪಟ್ಟ ವಿಷಯ, ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಒಂದೆರಡು ಕಡೆ ಆ ದಾರಿ ಬೇಕಾಗುತ್ತದೆ ನನಗೆ.

ಕೋಟ್ ಬಂದ ತಕ್ಷಣ ದರ ಎಷ್ಟು ಅಂತ ಇವರನ್ನು ಕೇಳಬೇಡಿ, 'ಫ್ಲ್ಯಾಟ್' ಲೆಕ್ಕ ಹೇಳಿ ದಾರಿ ತಪ್ಪಿಸುತ್ತಾರೆ. ಎಕ್ಸೆಲ್‌ನಲ್ಲಿ ಎರಡು ಸಾಲು ಸಾಕು:

```
=RATE(5,-11.10,40)
=PMT(12%,5,-40)
```

ಮೊದಲನೆಯದು ದರ ಹೇಳುತ್ತದೆ, ಎರಡನೆಯದು ಬಾಡಿಗೆ. ಮೂರು ತಿಂಗಳ ಕಂತಾದರೆ 5ರ ಬದಲು 20 ಹಾಕಿ, ಮೊದಲನೆಯದರಲ್ಲಿ 11.10ರ ಜಾಗಕ್ಕೆ ಮೂರು ತಿಂಗಳ ಕಂತು, ಎರಡನೆಯದರಲ್ಲಿ 12%ರ ಜಾಗಕ್ಕೆ 12%/4 ಹಾಕಿ, ಬಂದ ದರ ಮೂರು ತಿಂಗಳದ್ದು ಅನ್ನುವುದು ನೆನಪಿರಲಿ. ಬಾಡಿಗೆ ಮುಂಗಡವಾಗಿ ಕಟ್ಟುವುದಾದರೆ ಕೊನೆಯ ಎರಡು ಜಾಗವನ್ನೂ ತುಂಬಬೇಕು, ಅದು ನಿಮಗೆ ಗೊತ್ತೇ ಇದೆ.

ಆಮೇಲೆ ಹೈಪಾಥಿಕೇಷನ್. ಮೆಷಿನ್ ಮೇಲೆ ಬ್ಯಾಂಕಿನ ಟರ್ಮ್ ಲೋನ್ 9 ಲಕ್ಷ ಬಾಕಿ ಇತ್ತು. ಅದು ತೀರದೆ ಮಾರುವ ಹಾಗಿಲ್ಲ. ಫೈನಾನ್ಸ್ ಕಂಪನಿಯವರು 9 ಲಕ್ಷವನ್ನು ನೇರವಾಗಿ ಲೋನ್ ಖಾತೆಗೇ ಹಾಕಿದರು, ಬ್ಯಾಂಕ್ ಎನ್‌ಒಸಿ ಕೊಟ್ಟಿತು, ನಾವು ಚಾರ್ಜ್ ತೀರಿದ ಫಾರಂ ಸಿಎಚ್‌ಜಿ-4 ಹಾಕಿದೆವು. ಇದನ್ನು ಮರೆತರೆ ಕಂಪನಿಯ ದಾಖಲೆಯಲ್ಲಿ ಬ್ಯಾಂಕಿನ ಚಾರ್ಜ್ ಹಾಗೇ ಉಳಿದು, ಮಾರಿದ ಮೆಷಿನ್ ಇನ್ನೂ ಅಡವಿನಲ್ಲಿದೆ ಅಂತ ತೋರಿಸುತ್ತಿರುತ್ತದೆ.

ನಿಜವಾಗಿ ಕೈ ಸುಟ್ಟಿದ್ದು ಜಿಎಸ್‌ಟಿಯಲ್ಲಿ. ಮೆಷಿನ್ ಕೊಂಡು ಐದು ವರ್ಷ ದಾಟಿತ್ತು. ಮೂರು ತಿಂಗಳಿಗೆ ಶೇ. 5ರಂತೆ ಇಳಿಸುವ ಲೆಕ್ಕದಲ್ಲಿ ಹಳೆಯ ಕ್ರೆಡಿಟ್ ಪೂರ್ತಿ ಸೊನ್ನೆ ಆಗಿತ್ತು. ಆ ಲೆಕ್ಕ ಮತ್ತು ಮಾರಾಟದ ಬೆಲೆಯ ಮೇಲಿನ ತೆರಿಗೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕಟ್ಟಬೇಕು. ಹಾಗಾಗಿ 40 ಲಕ್ಷಕ್ಕೆ ಶೇ. 18, ಅಂದರೆ 7.20 ಲಕ್ಷ. ಬಿಲ್ 47.20 ಲಕ್ಷಕ್ಕೆ ಕೊಟ್ಟೆವು. ಅವರು ಕೊಟ್ಟಿದ್ದು 40 ಮಾತ್ರ. ಜಿಎಸ್‌ಟಿ ಭಾಗವನ್ನು, ಕೊಂಡವರಿಗೆ ಸಿಗುವ ಕ್ರೆಡಿಟ್ ತೋರಿಸುವ ತಮ್ಮ 2ಬಿ ಯಲ್ಲಿ ಕಾಣಿಸಿದ ಮೇಲೆ ಕೊಡುತ್ತೇವೆ ಅಂದರು. ನಾವು ಮೇ 11ರೊಳಗೆ ರಿಟರ್ನ್ ಹಾಕಿದೆವು, 14ಕ್ಕೆ ಅವರಿಗೆ ಕಾಣಿಸಿತು, 20ನೇ ತಾರೀಖಿಗೆ ನಾವು ತೆರಿಗೆ ಕಟ್ಟಲೇಬೇಕು. ಅವರ ದುಡ್ಡು ಬಂದಿದ್ದು ಜೂನ್ ಅರ್ಧ ಕಳೆದ ಮೇಲೆ. ಹೀಗೆ 40ರಲ್ಲಿ 9 ಲೋನಿಗೆ, 7.20 ಜಿಎಸ್‌ಟಿಗೆ ಹೋಗಿ, ಮಾಲೀಕರು ಸಪ್ಲೈಯರ್‌ಗಳಿಗೆ ಕೊಡಬೇಕು ಅಂದುಕೊಂಡಿದ್ದ ದುಡ್ಡು ಒಂದು ತಿಂಗಳು 24ಕ್ಕಿಂತ ಕಡಿಮೆ ಆಯಿತು. ಆ ತಿಂಗಳು ನನ್ನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಿಲ್ ತಿಂಗಳ ಮೊದಲ ವಾರದಲ್ಲಿ ಹಾಕಿದ್ದರಿಂದ ತೆರಿಗೆಗೆ ಆರೇಳು ವಾರ ಸಿಕ್ಕಿತು, ಅದೊಂದು ಪುಣ್ಯ. ಮಾರ್ಚ್ 30ಕ್ಕೆ ಹಾಕಿದ್ದರೆ ಇಪ್ಪತ್ತೇ ದಿನ.

ಈಗ ಎಂಟ್ರಿ. ಮಾರಿದ ದಿನದ್ದು (ಲಕ್ಷಗಳಲ್ಲಿ):

ಫೈನಾನ್ಸ್ ಕಂಪನಿ ಖಾತೆ ಡೆಬಿಟ್ 47.20
ಸಂಚಿತ ಸವಕಳಿ ಡೆಬಿಟ್ 30.00
ಮೆಷಿನರಿ ಕ್ರೆಡಿಟ್ 60.00
ಔಟ್‌ಪುಟ್ ಜಿಎಸ್‌ಟಿ ಕ್ರೆಡಿಟ್ 7.20
ಮುಂದೂಡಿದ ಲಾಭ ಕ್ರೆಡಿಟ್ 10.00

ಅದೇ ದಿನ ಎರಡನೆಯದು:

ಲೀಸ್ ಮೆಷಿನರಿ ಡೆಬಿಟ್ 40.00
ಲೀಸ್ ಬಾಕಿ ಕ್ರೆಡಿಟ್ 40.00

ಲೀಸ್ ಮೆಷಿನರಿಯನ್ನು ಹಳೆಯ ಮೆಷಿನರಿ ಖಾತೆಗೆ ಬೆರೆಸಬೇಡಿ, ಲೀಸ್ ಆಸ್ತಿ ಅಂತ ಬೇರೆಯೇ ತೋರಿಸಬೇಕು. ಟ್ಯಾಲಿಯಲ್ಲಿ ಮುಂದೂಡಿದ ಲಾಭದ ಲೆಡ್ಜರ್ ಅನ್ನು ಯಾವ ಗುಂಪಿಗೆ ಹಾಕುತ್ತೀರಿ ಅನ್ನುವುದು ಇದಕ್ಕಿಂತ ಮುಖ್ಯ. ಇನ್ನೊಂದು ಕಂಪನಿಯಲ್ಲಿ ಇದನ್ನು ರಿಸರ್ವ್ ಕೆಳಗೆ ಹಾಕಿದ್ದನ್ನು ನೋಡಿದ್ದೇನೆ. ನೆಟ್ ವರ್ತ್ ಹತ್ತು ಲಕ್ಷ ಉಬ್ಬಿತು, ಬ್ಯಾಂಕಿನ ಕ್ರೆಡಿಟ್ ಆಫೀಸರ್ ಒಂದೇ ನೋಟಕ್ಕೆ ಹಿಡಿದು ಅಷ್ಟೂ ಕಿತ್ತುಹಾಕಿದರು, ಆಮೇಲೆ ಉಳಿದ ಅಂಕಿಗಳ ಮೇಲೂ ಅನುಮಾನ ಶುರುವಾಯಿತು. ಅದು ಹೊಣೆಯ ಕಡೆಗೇ ಇರಬೇಕು. ಮುಂದಿನ ಹನ್ನೆರಡು ತಿಂಗಳಲ್ಲಿ ಕರಗುವ ಭಾಗ ಚಾಲ್ತಿ ಹೊಣೆ, ಉಳಿದದ್ದು ದೀರ್ಘಾವಧಿಯ ಇತರೆ ಹೊಣೆ.

ಮೊದಲ ವರ್ಷದ ಕೊನೆಯ ಬಾಡಿಗೆ ಎಂಟ್ರಿ:

ಲೀಸ್ ಬಡ್ಡಿ ಡೆಬಿಟ್ 4.80
ಲೀಸ್ ಬಾಕಿ ಡೆಬಿಟ್ 6.30
ಇನ್‌ಪುಟ್ ಜಿಎಸ್‌ಟಿ ಡೆಬಿಟ್ 2.00
ಟಿಡಿಎಸ್ ಕ್ರೆಡಿಟ್ 0.22
ಬ್ಯಾಂಕ್ ಕ್ರೆಡಿಟ್ 12.88

ಟಿಡಿಎಸ್ ಮೆಷಿನರಿ ಬಾಡಿಗೆಯ ಆಗಿನ 194-ಐ ಪ್ರಕಾರ ಶೇ. 2, ಜಿಎಸ್‌ಟಿ ಬಿಟ್ಟು. ಪುಸ್ತಕದಲ್ಲಿ ಇದು ಬಡ್ಡಿ ಮತ್ತು ಅಸಲು ಅಂತ ಒಡೆದರೂ ಟಿಡಿಎಸ್‌ಗೂ ಜಿಎಸ್‌ಟಿಗೂ ಅದು ಬಾಡಿಗೆಯೇ. ಹೊಸ ಹುಡುಗರು ಇಲ್ಲಿ ಬಡ್ಡಿ ಭಾಗಕ್ಕೆ ಮಾತ್ರ ಟಿಡಿಎಸ್ ಹಿಡಿದು ಕೂರುತ್ತಾರೆ.

ಆಮೇಲೆ ಇನ್ನೆರಡು. ಸವಕಳಿ ಡೆಬಿಟ್ 8, ಸಂಚಿತ ಸವಕಳಿ ಕ್ರೆಡಿಟ್ 8. ಮುಂದೂಡಿದ ಲಾಭ ಡೆಬಿಟ್ 2, ಲಾಭನಷ್ಟ ಖಾತೆಗೆ ಕ್ರೆಡಿಟ್ 2. ನಮ್ಮದು ನೇರ ರೇಖೆಯ ಪದ್ಧತಿ, ಹಾಗಾಗಿ 40 ಲಕ್ಷ ಐದು ವರ್ಷಕ್ಕೆ ಸಮ ಭಾಗ, 10 ಲಕ್ಷವೂ ಸಮ ಭಾಗ.

ಐದು ವರ್ಷದ ಚಿತ್ರ ಹೀಗಿದೆ:

| ವರ್ಷ | ಬಡ್ಡಿ | ಅಸಲು | ಲೀಸ್ ಬಾಕಿ | ಉಳಿದ ಮುಂದೂಡಿದ ಲಾಭ |
|---|---|---|---|---|
| 1 | 4.80 | 6.30 | 33.70 | 8 |
| 2 | 4.04 | 7.05 | 26.65 | 6 |
| 3 | 3.20 | 7.90 | 18.75 | 4 |
| 4 | 2.25 | 8.85 | 9.91 | 2 |
| 5 | 1.19 | 9.91 | 0 | 0 |

ಆಡಿಟರಿಗೆ ಅನುಮಾನ ಬಂದಿದ್ದು ಇಲ್ಲಿ. ಮಾರಾಟ ನಿಜ, ಬೆಲೆಯೂ ನ್ಯಾಯವಾದದ್ದು, ದುಡ್ಡೂ ಬಂದಿದೆ, ವ್ಯಾಲ್ಯುಯರ್ ರಿಪೋರ್ಟ್ ಇದೆ, ಹಾಗಿದ್ದಮೇಲೆ ಲಾಭವನ್ನು ಯಾಕೆ ತಡೆಹಿಡಿಯಬೇಕು ಅಂತ ಅವರ ಜೂನಿಯರ್ ಹುಡುಗ ಪಟ್ಟು ಹಿಡಿದ. ಅವನು ಓದಿದ್ದ ನಿಯಮ ಆಪರೇಟಿಂಗ್ ಲೀಸಿನದು. ಅಲ್ಲಿ ಮಾರುಕಟ್ಟೆ ಬೆಲೆಗೆ ಮಾರಿದರೆ ಲಾಭ ಆ ದಿನವೇ ನಿಮ್ಮದು. ನಿಯಮದ ಪುಸ್ತಕ ತೆಗೆದು ವಾದ ಮಾಡುವ ಬದಲು ನಾನು ಒಂದು ಹಾಳೆಯಲ್ಲಿ ಹೀಗೆ ಬರೆದೆ.

ಮೆಷಿನ್ ಮಾರದೇ ಇದ್ದಿದ್ದರೆ ಪುಸ್ತಕದ 30 ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 6 ಲಕ್ಷ ಸವಕಳಿ. ಮಾರಿದ ಮೇಲೆ? ಸವಕಳಿ 8, ಅದರಿಂದ ಕರಗುವ ಲಾಭ 2 ಕಳೆದರೆ ಮತ್ತೆ 6. ಅಂದರೆ ಕಾಗದದ ಮೇಲೆ ಬೆಲೆ ಏರಿಸಿದ್ದಕ್ಕೆ ಬಂದ ಹೆಚ್ಚಿನ ಸವಕಳಿಯನ್ನು ಅದೇ ಬೆಲೆ ಏರಿಕೆಯ ಲಾಭ ತಿಂದುಹಾಕುತ್ತದೆ. ಉಳಿಯುವುದು ಬಡ್ಡಿ ಮಾತ್ರ. ಐದು ವರ್ಷದ ಒಟ್ಟು ಖರ್ಚು ನೋಡಿ. ಬಾಡಿಗೆ, ದುಂಡು ಮಾಡದೆ, ಒಟ್ಟು 55.48, ಅದರಲ್ಲಿ ಲಾಭ 10 ಕಳೆದರೆ 45.48. ಇನ್ನೊಂದು ಕಡೆಯಿಂದ ಹಳೆಯ ಪುಸ್ತಕದ ಬೆಲೆ 30, ಅದಕ್ಕೆ ಬಡ್ಡಿ 15.48 ಸೇರಿಸಿದರೆ ಅದೇ 45.48. ಎರಡೂ ಕಡೆಯಿಂದ ಒಂದೇ ಅಂಕಿ ಬಂದರೆ ಎಂಟ್ರಿ ಸರಿ ಇದೆ ಅಂತ. ಬರದಿದ್ದರೆ ಎಲ್ಲೋ ಲಾಭವನ್ನು ಎರಡು ಸಲ ತೆಗೆದಿದ್ದೀರಿ, ಇಲ್ಲ ಸವಕಳಿಯನ್ನು ತಪ್ಪು ಬೆಲೆಯ ಮೇಲೆ ಹಾಕಿದ್ದೀರಿ.

ಹಿರಿಯ ಆಡಿಟರು ಹಾಳೆ ನೋಡಿ ಕನ್ನಡಕ ತೆಗೆದಿಟ್ಟು, "ಇದನ್ನೇ ವರ್ಕಿಂಗ್ ಪೇಪರಿಗೆ ಹಾಕು" ಅಂತ ಜೂನಿಯರ್‌ಗೆ ಹೇಳಿದರು. ನನಗೆ ಅಷ್ಟು ಸಾಕಾಗಿತ್ತು.

ಈಗ ಸವಕಳಿಯ ಪ್ರಮಾಣದ ವಿಷಯ. ನಮ್ಮ ಕಂಪನಿ ನೇರ ರೇಖೆಯದು, ತೊಂದರೆ ಇಲ್ಲ. ನಿಮ್ಮಲ್ಲಿ ಬಹಳ ಜನರ ಕಂಪನಿ, ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಸವಕಳಿ ಹಾಕುವ ಡಬ್ಲ್ಯುಡಿವಿ ಪದ್ಧತಿಯಲ್ಲಿ ಇರುತ್ತದೆ. ಅಲ್ಲಿ ಲಾಭವನ್ನು ಐದು ಸಮ ಭಾಗ ಮಾಡಿದರೆ ತಪ್ಪಾಗುತ್ತದೆ. ಸುಮ್ನೆ ಕುತೂಹಲಕ್ಕೆ ಇದೇ ಮೆಷಿನ್‌ಗೆ ಆ ಲೆಕ್ಕವನ್ನೂ ಹಾಕಿ ನೋಡಿದೆ. ಐದು ವರ್ಷದ ಆಯುಸ್ಸಿಗೆ, ಶೇ. 5 ಉಳಿಕೆ ಬೆಲೆ ಇಟ್ಟರೆ, ಡಬ್ಲ್ಯುಡಿವಿ ದರ ಶೇ. 45.07. ಮೊದಲ ವರ್ಷವೇ 18 ಲಕ್ಷ ಸವಕಳಿ. ಅಂದರೆ ಲಾಭದಲ್ಲೂ ಶೇ. 45, ಸುಮಾರು ನಾಲ್ಕೂವರೆ ಲಕ್ಷ ಮೊದಲ ವರ್ಷವೇ ಕರಗಬೇಕು. ಎರಡನೇ ವರ್ಷ ಎರಡೂವರೆಯಷ್ಟು. ಕೊನೆಯ ವರ್ಷಕ್ಕೆ ಬರುವಾಗ ನಲವತ್ತು ಸಾವಿರ. ಇದರಲ್ಲಿ ಒಂದು ಸಿಕ್ಕು ಇದೆ. ಈ ಪದ್ಧತಿಯಲ್ಲಿ ಕೊನೆಗೆ 2 ಲಕ್ಷ ಉಳಿದುಕೊಳ್ಳುತ್ತದೆ, ಆದರೆ ಮೆಷಿನ್ ಐದು ವರ್ಷಕ್ಕೆ ಅವರಿಗೆ ವಾಪಸ್ ಹೋಗುತ್ತದೆ, ನಮಗೆ ಉಳಿಕೆ ಬೆಲೆ ಎಂಬುದೇ ಇಲ್ಲ. ಆ 2 ಲಕ್ಷವನ್ನು ಕೊನೆಯ ವರ್ಷ ಪೂರ್ತಿ ಬರೆದುಹಾಕಬೇಕು, ಜೊತೆಗೇ ಉಳಿದ ಅರ್ಧ ಲಕ್ಷ ಲಾಭವನ್ನೂ ಬಿಡಬೇಕು. ಮೊದಲ ಸಲ ಶೀಟ್ ಮಾಡಿದಾಗ ಈ ಅರ್ಧ ಲಕ್ಷ ನೇತಾಡುತ್ತಾ ಉಳಿಯಿತು, ಯಾಕೆ ಅಂತ ಹುಡುಕಲು ಒಂದು ಸಂಜೆ ಹೋಯಿತು.

ಮಾಲೀಕರಿಗೆ ಈ ಶೀಟ್ ತೋರಿಸಿದ್ದೇ ಎಡವಟ್ಟಾಯಿತು. "ಹಾಗಾದರೆ ಡಬ್ಲ್ಯುಡಿವಿಗೆ ಬದಲಾಯಿಸಿ, ಲಾಭ ಬೇಗ ಬರುತ್ತೆ" ಅಂದರು. ಲಾಭ ನಾಲ್ಕೂವರೆ ಬಂದರೂ ಸವಕಳಿ 18 ಹೋಗುತ್ತಲ್ಲ ಸರ್ ಅಂದಮೇಲೆ ಸುಮ್ಮನಾದರು.

ಆದಾಯ ತೆರಿಗೆಯಲ್ಲಿ ಈ ಹತ್ತು ಲಕ್ಷಕ್ಕೆ ಅಸ್ತಿತ್ವವೇ ಇಲ್ಲ. ಮಾರಿದ 40 ಲಕ್ಷ ನೇರವಾಗಿ ಮೆಷಿನರಿ ಬ್ಲಾಕ್‌ನಿಂದ ಕಳೆಯುತ್ತದೆ. ನಮ್ಮ ಬ್ಲಾಕ್‌ನಲ್ಲಿ ಬೇರೆ ಮೆಷಿನ್‌ಗಳು ಸೇರಿ ಒಂದು ಕೋಟಿ ಮೇಲಿತ್ತು, ಹಾಗಾಗಿ ಆ ವರ್ಷ ತೆರಿಗೆ ಬೀಳಲಿಲ್ಲ. ಬ್ಲಾಕ್‌ನಲ್ಲಿ ಇದೊಂದೇ ಮೆಷಿನ್ ಇದ್ದಿದ್ದರೆ 19 ಕಳೆದು ಉಳಿದ 21 ಲಕ್ಷ 50ನೇ ಕಲಮಿನಲ್ಲಿ ಅಲ್ಪಾವಧಿ ಬಂಡವಾಳ ಲಾಭ ಆಗುತ್ತಿತ್ತು. ಒಂದೇ ಮೆಷಿನ್ ಇರುವವರು ಇದನ್ನು ಮೊದಲು ನೋಡಿಕೊಳ್ಳಿ, ಪುಸ್ತಕದಲ್ಲಿ ಲಾಭ ಮುಂದೂಡಿದ್ದೇನೆ ಅಂತ ತೆರಿಗೆ ಮುಂದಕ್ಕೆ ಹೋಗುವುದಿಲ್ಲ. ಬ್ಲಾಕ್ ಇಳಿದಿದ್ದರಿಂದ ಮುಂದಿನ ಸವಕಳಿ ಕಡಿಮೆಯಾಯಿತು, ಮೊದಲ ವರ್ಷಕ್ಕೇ 6 ಲಕ್ಷ. ಬದಲಿಗೆ ಬಾಡಿಗೆ 11.10 ಪೂರ್ತಿ ಖರ್ಚು ಸಿಗುತ್ತದೆ.

ಪುಸ್ತಕದಲ್ಲಿ ಸವಕಳಿ ನಾವು ಹಾಕಿ, ತೆರಿಗೆಯಲ್ಲಿ ಅವರು ಹಾಕುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಅದಕ್ಕೆ 2001ರ ಸಿಬಿಡಿಟಿ ಸುತ್ತೋಲೆ 2 ಇದೆ, ಲೆಕ್ಕದ ಮಾನದಂಡ ಏನೇ ಹೇಳಲಿ ತೆರಿಗೆಯ ಸವಕಳಿ ಕಾಯ್ದೆಯ ಪ್ರಕಾರವೇ ಅನ್ನುತ್ತದೆ. 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಐಸಿಡಿಎಸ್ ಕಂಪನಿಯ ಪ್ರಕರಣದಲ್ಲಿ ಲೀಸ್ ಕೊಟ್ಟವರೇ ಮಾಲೀಕರು, ಸವಕಳಿ ಅವರಿಗೇ ಅಂತ ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ಎದುರು ಪಕ್ಷ ನಮ್ಮ ಮೈಸೂರಿನ ಆದಾಯ ತೆರಿಗೆ ಕಮಿಷನರ್! ಹಾಗಾಗಿ ನಮ್ಮ ತೆರಿಗೆ ಲೆಕ್ಕದಲ್ಲಿ ಪ್ರತಿ ವರ್ಷ ಪುಸ್ತಕದ ಸವಕಳಿ 8 ಮತ್ತು ಬಡ್ಡಿ ವಾಪಸ್ ಸೇರಿಸುತ್ತೇನೆ, ಬಾಡಿಗೆ 11.10 ಕಳೆಯುತ್ತೇನೆ, ಆ 2 ಲಕ್ಷದ ಲಾಭವನ್ನೂ ಕಳೆಯುತ್ತೇನೆ. ಆ ಕೊನೆಯದನ್ನು ಬಿಟ್ಟರೆ ಬ್ಲಾಕ್‌ನಲ್ಲಿ ಆಗಲೇ ಲೆಕ್ಕಕ್ಕೆ ಬಂದ ದುಡ್ಡಿಗೆ ಐದು ವರ್ಷ ಮತ್ತೆ ತೆರಿಗೆ ಕಟ್ಟಿದ ಹಾಗಾಗುತ್ತದೆ.

ಇದನ್ನು ಕೇಳಿ ಮಂಡ್ಯ ಕಡೆಯ ಒಬ್ಬ ರೈಸ್ ಮಿಲ್ ಮಾಲೀಕರು ತಮ್ಮ ಸಾರ್ಟೆಕ್ಸ್ ಮೆಷಿನ್‌ಗೂ ಇದೇ ಮಾಡಿಕೊಡಿ ಅಂತ ಬಂದರು. ಅವರ ಡೀಲ್ ಆಗಲೇ ಅರ್ಧ ಮುಗಿದಿತ್ತು, ಏಜೆಂಟ್ ಒಬ್ಬ ಬೆಲೆ ಏರಿಸಿಟ್ಟಿದ್ದ. ಪುಸ್ತಕದ ಬೆಲೆ 16 ಲಕ್ಷ, ಮಾರುಕಟ್ಟೆ ಬೆಲೆ 20, ಮಾರಿದ್ದು 23ಕ್ಕೆ. ಲೀಸ್ ಮೂರೇ ವರ್ಷ, ಮೆಷಿನ್‌ಗೆ ಇನ್ನೂ ಏಳೆಂಟು ವರ್ಷ ಆಯುಸ್ಸಿತ್ತು. ಇದು ಆಪರೇಟಿಂಗ್ ಲೀಸ್. ಇಲ್ಲಿ ಲೀಸ್ ಆಸ್ತಿ, ಲೀಸ್ ಬಾಕಿ ಯಾವುದೂ ಬರುವುದಿಲ್ಲ, ಬಾಡಿಗೆ ನೇರವಾಗಿ ಖರ್ಚು. 7 ಲಕ್ಷ ಲಾಭದಲ್ಲಿ ಮಾರುಕಟ್ಟೆ ಬೆಲೆಯವರೆಗಿನ 4 ಲಕ್ಷ ಆ ವರ್ಷವೇ ಆದಾಯ. ಅದರ ಮೇಲಿನ 3 ಲಕ್ಷ ಮುಂದೂಡಬೇಕು, ಕರಗಿಸುವುದು ಸವಕಳಿಯ ಪ್ರಮಾಣದಲ್ಲಿ ಅಲ್ಲ, ಮೆಷಿನ್ ಅನ್ನು ಬಳಸುವ ಅವಧಿಗೆ ಹಂಚಿ. ಇಲ್ಲಿ ಅದು ಲೀಸಿನ ಮೂರು ವರ್ಷ, ಹಾಗಾಗಿ ವರ್ಷಕ್ಕೆ ಒಂದೊಂದು ಲಕ್ಷ. ಆ 3 ಲಕ್ಷ ಯಾರೂ ದಾನ ಕೊಟ್ಟಿದ್ದಲ್ಲ. ಏರಿಸಿದ ಬಾಡಿಗೆಯಲ್ಲಿ ಅದನ್ನೇ ವಾಪಸ್ ವಸೂಲಿ ಮಾಡುತ್ತಾರೆ. ಅದರ ಮೇಲೆ ಜಿಎಸ್‌ಟಿ ಬೇರೆ ಸುತ್ತುತ್ತದೆ, ಅಕ್ಕಿ ವ್ಯಾಪಾರದಲ್ಲಿ ಕ್ರೆಡಿಟ್ ಎಲ್ಲ ಉಪಯೋಗಕ್ಕೆ ಬರಬೇಕಲ್ಲ. ನನಗೆ ಆ ಡೀಲ್ ಇಷ್ಟವಾಗಲಿಲ್ಲ, ಅವರಿಗೂ ಹಾಗೇ ಹೇಳಿದೆ.

ಇಂಡ್ ಎಎಸ್ ಕಂಪನಿಗಳಲ್ಲಿ ಇರುವವರಿಗೆ ಈ ಬರಹ ಹಾಗೇ ಹೊಂದುವುದಿಲ್ಲ. 2019ರ ಏಪ್ರಿಲ್‌ನಿಂದ ಬಂದ ಇಂಡ್ ಎಎಸ್ 116ರಲ್ಲಿ ಮುಂದೂಡಿದ ಲಾಭ ಎಂಬ ಖಾತೆಯೇ ಇಲ್ಲ. ಉದಾಹರಣೆಗೆ ಇದೇ 40 ಲಕ್ಷದ ಮೆಷಿನ್‌ಗೆ ಬಾಡಿಗೆಗಳ ಇವತ್ತಿನ ಬೆಲೆ 28 ಲಕ್ಷ ಅಂತಿಟ್ಟುಕೊಳ್ಳಿ. ಹಳೆಯ 30ರಲ್ಲಿ 40ಕ್ಕೆ 28ರ ಪಾಲು, ಅಂದರೆ 21 ಲಕ್ಷ ಬಳಕೆಯ ಹಕ್ಕಾಗಿ ಉಳಿಯುತ್ತದೆ. ಲಾಭ 10ರಲ್ಲಿ 3 ಮಾತ್ರ ಕಾಣುತ್ತದೆ. ಉಳಿದ 7 ಎಲ್ಲಿಗೂ ಹೋಗಿಲ್ಲ, ಹಕ್ಕಿನ ಬೆಲೆಯನ್ನು 28ರ ಬದಲು 21ಕ್ಕೆ ಇಟ್ಟಿರುವುದರಲ್ಲೇ ಅಡಗಿದೆ. ಆದರೆ ಮಾರಾಟ ನಿಜವಾದ ಮಾರಾಟ ಆಗಿರಬೇಕು. ಮೆಷಿನ್ ಅನ್ನು ಮತ್ತೆ ಕೊಳ್ಳುವ ಹಕ್ಕು ನಿಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರೆ ಸಾಮಾನ್ಯವಾಗಿ ಅದು ಮಾರಾಟವೇ ಅಲ್ಲ, ಬಂದ ದುಡ್ಡೆಲ್ಲ ಸಾಲ.

ಈಗ ನಮ್ಮ ಮಾಲೀಕರ ಹೊಸ ಆಲೋಚನೆ. ಆರ್ಡರ್ ಚೆನ್ನಾಗಿವೆ, ಮೂರನೇ ವರ್ಷದ ಕೊನೆಗೆ ಬಾಕಿ ಕಟ್ಟಿ ಮೆಷಿನ್ ಅನ್ನು ವಾಪಸ್ ಕೊಂಡುಬಿಡೋಣ ಅನ್ನುತ್ತಿದ್ದಾರೆ. ಫೈನಾನ್ಸ್ ಕಂಪನಿ ಬಾಯಿಮಾತಿನಲ್ಲಿ ಒಪ್ಪಿದೆ, ಫೋರ್‌ಕ್ಲೋಶರ್ ಚಾರ್ಜ್ ಎಷ್ಟು ಅನ್ನುವುದರ ಮೇಲೆ ಎಳೆದಾಟ ನಡೆದಿದೆ. ಆಗ ಲೀಸ್ ಬಾಕಿ 18.75, ಲೀಸ್ ಮೆಷಿನರಿಯ ಬೆಲೆ 16, ಮುಂದೂಡಿದ ಲಾಭ 4 ಇರುತ್ತದೆ. ಮೆಷಿನ್ ವಾಪಸ್ ಕೊಟ್ಟು ಹೊರಗೆ ಬರುವುದಾದರೆ ಆ 4 ಲಕ್ಷವನ್ನು ಲಾಭನಷ್ಟಕ್ಕೆ ಬಿಡಬಹುದು, ಆಟ ಅಲ್ಲಿಗೆ ಮುಗಿಯಿತು. ಆದರೆ ಮೆಷಿನ್ ನಮ್ಮ ಹತ್ತಿರವೇ ಉಳಿದರೆ? ಮಾಲೀಕರಿಗೆ ಮತ್ತೆ ಅದೇ ಆಸೆ, 4 ಲಕ್ಷ ಆ ವರ್ಷವೇ ತೋರಿಸಬೇಕು. ನಾನು ತೋರಿಸುವುದಿಲ್ಲ. 16ರಿಂದ 4 ಕಳೆದು ಮೆಷಿನ್ ಅನ್ನು 12 ಲಕ್ಷಕ್ಕೆ ಇಡುತ್ತೇನೆ. ಮೊದಲ ದಿನದ 30ರಿಂದ ವರ್ಷಕ್ಕೆ 6ರಂತೆ ಮೂರು ವರ್ಷ ಕಳೆದರೂ ಅದೇ 12 ಬರುತ್ತದೆ. ಹಿರಿಯ ಆಡಿಟರ ಹತ್ತಿರ ಈಗಲೇ ಮಾತಾಡಿಟ್ಟಿದ್ದೇನೆ, ಅವರೂ ಇದನ್ನೇ ಒಪ್ಪುತ್ತಾರೆ. ಫೋರ್‌ಕ್ಲೋಶರ್ ಚಾರ್ಜ್ ಮಾತ್ರ ಆ ವರ್ಷದ ಖರ್ಚು. ಮೆಷಿನ್ ಅನ್ನು ವಾಪಸ್ ಕೊಳ್ಳುವ ಬಿಲ್‌ಗೆ ಅವರು ಹಾಕುವ ಶೇ. 18 ಜಿಎಸ್‌ಟಿಯನ್ನು ಈ ಸಲ ನಮ್ಮ 2ಬಿ ಯಲ್ಲಿ ಕಾಣಿಸಿದ ಮೇಲೆ ಕೊಡುತ್ತೇವೆ ಅಂತ ಈಗಲೇ ಕರಾರಿನಲ್ಲಿ ಬರೆಸುತ್ತಿದ್ದೇನೆ.